ಒಡೆದ ಜಿಲ್ಲೆಯ ಜನಗಣತಿ: ಹೋಲಿಸುವ ಮುನ್ನ ಗಡಿ ಸರಿಮಾಡಿಕೊಳ್ಳಿ

1991ರಲ್ಲಿ ಬಿಜಾಪುರ ಜಿಲ್ಲೆಯ ಜನಸಂಖ್ಯೆ 29.28 ಲಕ್ಷ, 2001ರಲ್ಲಿ 18.07 ಲಕ್ಷ. ಹತ್ತು ವರ್ಷದಲ್ಲಿ ಶೇ 38ರಷ್ಟು ಜನ ಕಡಿಮೆ! ಎಲ್ಲರೂ ಗುಳೆ ಹೋದರೆಂದು ಕಾರಣ ಹುಡುಕಬೇಕಿಲ್ಲ. 1997ರಲ್ಲಿ ಬಾಗಲಕೋಟೆ, ಬಾದಾಮಿ, ಬೀಳಗಿ, ಹುನಗುಂದ, ಜಮಖಂಡಿ, ಮುಧೋಳ ತಾಲ್ಲೂಕುಗಳು ಸೇರಿ ಬಾಗಲಕೋಟೆ ಎಂಬ ಬೇರೆ ಜಿಲ್ಲೆಯಾದವು, ಅಷ್ಟೆ.

ಮೊದಲು ಯಾವ ಗಡಿಯಲ್ಲಿ ಹೋಲಿಸುತ್ತೀರೆಂದು ನಿಶ್ಚಯಿಸಿ. ಹಳೆಯ ಗಡಿಯಾದರೆ 2001ರ ಎರಡೂ ಜಿಲ್ಲೆಗಳನ್ನು ಕೂಡಿಸಿ: 18.07ಕ್ಕೆ ಬಾಗಲಕೋಟೆಯ 16.52 ಸೇರಿ 34.59 ಲಕ್ಷ, ಅಂದರೆ ಶೇ 18ರಷ್ಟು ಏರಿಕೆ. ಹೊಸ ಗಡಿಯಾದರೆ ಉಳಿದ ಐದು ತಾಲ್ಲೂಕುಗಳಾದ ಬಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ 1991ರ ಲೆಕ್ಕ ಕೂಡಿಸಿ, ಸುಮಾರು 15.33 ಲಕ್ಷ ಬರುತ್ತದೆ. ಜನಗಣತಿಯ A-2 ಕೋಷ್ಟಕ ಹಿಂದಿನ ದಶಕಗಳನ್ನು ಹೀಗೆ ಹೊಂದಿಸಿಯೇ ಕೊಡುತ್ತದೆ. ತಪ್ಪಾಗುವುದು ಇಲ್ಲಿಯೇ: ಒಂದು ಅಂಕಿ ಹಳೆಯ ಪುಸ್ತಕದಿಂದ, ಇನ್ನೊಂದು ಹೊಂದಿಸಿದ ಕೋಷ್ಟಕದಿಂದ ತೆಗೆದುಕೊಂಡರೆ ಲೆಕ್ಕ ಕೆಡುತ್ತದೆ.

ತಾಲ್ಲೂಕೇ ಒಡೆದರೆ ಹಳ್ಳಿಯ ಮಟ್ಟಕ್ಕೆ ಇಳಿಯಬೇಕು. 2011ರ ಗಣತಿಯ ಹುನಗುಂದ ತಾಲ್ಲೂಕಿನಲ್ಲಿ ಇಳಕಲ್ ಕೂಡ ಇತ್ತು. ಈಗ ಅದು ಪ್ರತ್ಯೇಕ ತಾಲ್ಲೂಕು. ಮುಂದಿನ ಗಣತಿಯ ಹುನಗುಂದವನ್ನು 2011ರದಕ್ಕೆ ನೇರವಾಗಿ ಹೋಲಿಸುವಂತಿಲ್ಲ. ಹೊಸ ತಾಲ್ಲೂಕಿನ ಅಧಿಸೂಚನೆಯಲ್ಲಿರುವ ಹಳ್ಳಿಗಳ ಪಟ್ಟಿ ಹಿಡಿದು, 2011ರ ಜಿಲ್ಲಾ ಜನಗಣತಿ ಕೈಪಿಡಿಯಿಂದ ಒಂದೊಂದರ ಜನಸಂಖ್ಯೆ ತೆಗೆಯಿರಿ. ಒಂದೇ ಹೆಸರಿನ ಹಳ್ಳಿಗಳಿರುತ್ತವೆ, ಗ್ರಾಮ ಸಂಕೇತವೂ ಗಣತಿಯಿಂದ ಗಣತಿಗೆ ಬದಲಾಗುತ್ತದೆ. ಹಾಗಾಗಿ ಹೆಸರಿನ ಜತೆಗೆ ಹೆಕ್ಟೇರ್ ವಿಸ್ತೀರ್ಣವನ್ನೂ ತಾಳೆ ನೋಡಿ. ಎರಡೂ ಭಾಗಗಳ ಹಳ್ಳಿ, ಪಟ್ಟಣಗಳನ್ನು ಕೂಡಿಸಿದಾಗ ಹಳೆಯ ತಾಲ್ಲೂಕಿನ ಮೊತ್ತವೇ ಬರಬೇಕು. ಬರದಿದ್ದರೆ ಯಾವುದೋ ಹಳ್ಳಿ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ.

ಹಳ್ಳಿಯ ಒಂದು ತುಂಡು ಮಾತ್ರ ಪಟ್ಟಣಕ್ಕೆ ಸೇರಿದ್ದರೆ ಅಂದಾಜು ಅನಿವಾರ್ಯ. ಜಮೀನಿನ ಪಾಲಿನ ಮೇಲೆ ಜನರನ್ನು ಹಂಚಬೇಡಿ. ಹೊಲ ಹತ್ತರಲ್ಲಿ ಒಂದು ಪಾಲು ಹೋಗಿದ್ದರೂ ರಸ್ತೆ ಬದಿಯ ಅರ್ಧ ಮನೆಗಳು ಹೋಗಿರಬಹುದು. 100 ಮನೆಗಳಲ್ಲಿ 30 ಹೋಗಿದ್ದರೆ, ಹಳೆಯ ಜನಸಂಖ್ಯೆಯ ಶೇ 30ನ್ನು ಪಟ್ಟಣಕ್ಕೆ ಸೇರಿಸಿ, ಅದು ಅಂದಾಜು ಎಂದು ಪಕ್ಕದಲ್ಲೇ ಬರೆಯಿರಿ.

ಎರಡು ಭಾಗಗಳ ಶೇಕಡಾವಾರುಗಳನ್ನು ಕೂಡಿಸಿ ಎರಡರಿಂದ ಭಾಗಿಸಬೇಡಿ. ಸಾಕ್ಷರತೆಗೆ ಎರಡೂ ಭಾಗಗಳ ಸಾಕ್ಷರರನ್ನು ಕೂಡಿಸಿ, 7 ವರ್ಷ ಮತ್ತು ಮೇಲ್ಪಟ್ಟವರ ಒಟ್ಟು ಸಂಖ್ಯೆಯಿಂದ ಭಾಗಿಸಿ.

ಆಲಮಟ್ಟಿ ಹಿನ್ನೀರಿನ ಊರುಗಳಿಗೆ ಈ ಯಾವ ಹೊಂದಾಣಿಕೆಯೂ ಸಾಲದು. ಅಲ್ಲಿ ಸರಿದದ್ದು ಗಡಿಯಲ್ಲ, ಜನ. ಮುಳುಗಡೆ ಹಳ್ಳಿಯನ್ನು ಅದರ ಪುನರ್ವಸತಿ ಕೇಂದ್ರದೊಂದಿಗೆ ಒಂದೇ ಘಟಕವಾಗಿ ಹಿಡಿಯಿರಿ. ಹಳೆ ಬಾಗಲಕೋಟೆಯನ್ನು ಅದರ ಪುನರ್ವಸತಿ ಊರಾದ ನವನಗರದಿಂದ ಬೇರ್ಪಡಿಸಿ ಬೆಳವಣಿಗೆ ಲೆಕ್ಕ ಹಾಕುವುದು ವ್ಯರ್ಥ.