ಗೋಲ್ಡ್ ಬಾಂಡ್ ನಿಜವಾಗಿಯೂ ಅಗ್ಗವಾ? ಹೀಗೆ ನೋಡಿ
ಷೇರು ಮಾರುಕಟ್ಟೆಯಲ್ಲಿ ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ ಕೊಳ್ಳುವಾಗ ಅದರ ಬೆಲೆಯನ್ನು ಅಂಗಡಿ ದರಕ್ಕೆ ಹೋಲಿಸಬೇಡಿ, ಚಿನ್ನದ ವ್ಯಾಪಾರಿಗಳ ಸಂಘವಾದ ಐಬಿಜೆಎ ಪ್ರಕಟಿಸುವ 999 ಶುದ್ಧತೆಯ ಚಿನ್ನದ ದರಕ್ಕೆ ಹೋಲಿಸಿ. ಒಂದು ಯೂನಿಟ್ ಅಂದ್ರೆ ಒಂದು ಗ್ರಾಂ, ಕೊನೆಗೆ ದುಡ್ಡು ವಾಪಸ್ ಬರುವುದೂ ಇದೇ ದರದ ಮೂರು ಕೆಲಸದ ದಿನಗಳ ಸರಾಸರಿಯಲ್ಲಿ. ಅಂಗಡಿ ದರದಲ್ಲಿ 3% ಜಿಎಸ್‌ಟಿ ಸೇರಿದ್ದರೆ ಇಲ್ಲದ ರಿಯಾಯಿತಿ ಕಾಣುತ್ತದೆ. ಉದಾಹರಣೆಗೆ ಐಬಿಜೆಎ ದರ 10 ಗ್ರಾಂಗೆ ₹1,20,000 ಇದ್ದರೆ ಗ್ರಾಂಗೆ ₹12,000. ಬಾಂಡ್ ₹11,640ಕ್ಕೆ ಸಿಕ್ಕರೆ 3% ಕಡಿಮೆ. ಆದರೆ ಕೊನೆಯ ವಹಿವಾಟಿನ ಬೆಲೆ ನಂಬಬೇಡಿ, ವಹಿವಾಟು ಕಡಿಮೆ ಇರುವ ಬಾಂಡ್ ಸರಣಿಗಳಲ್ಲಿ ಅದು ಹಳೆಯದಾಗಿರುತ್ತದೆ. ಈಗ ಮಾರುವವರು ಕೇಳುತ್ತಿರುವ ಬೆಲೆ, ಎಷ್ಟು ಯೂನಿಟ್ ಇದೆ ಎರಡನ್ನೂ ನೋಡಿ. ಬಡ್ಡಿಯನ್ನೂ ಜಾಸ್ತಿ ಲೆಕ್ಕ ಹಾಕಬೇಡಿ: 2.5% ಸಿಗುವುದು ಬಾಂಡ್ ಬಿಡುಗಡೆಯಾದಾಗಿನ ಬೆಲೆಯ ಮೇಲೆ, ₹4,800ರ ಬಾಂಡ್‌ಗೆ ವರ್ಷಕ್ಕೆ ₹120 ಅಷ್ಟೇ.