ತಿಂದಿದ್ದು ಗಂಟೆಗಟ್ಲೆ ಆದ್ಮೇಲೆ ಬಾಯಿಗೆ ವಾಪಸ್ ಬರ್ತಿದ್ಯಾ? ಡಾಕ್ಟ್ರ ಹತ್ರ ಹೋಗೋ ಮುಂಚೆ ಇಷ್ಟು ಮಾಡ್ಕೊಳ್ಳಿ

ರಾತ್ರಿ ಉಂಡ ಹುರುಳಿಕಾಳು ಬೆಳಗ್ಗೆ ದಿಂಬಿನ ಮೇಲೆ ಇಡಿ ಇಡಿಯಾಗಿ ಸಿಕ್ರೆ ಅದನ್ನ ಗ್ಯಾಸು ಅಂತ ಸುಮ್ನಾಗ್ಬೇಡಿ. ಹೊಟ್ಟೆಗೆ ಇಳಿದಿದ್ದ ಕಾಳಾದ್ರೆ ಅಷ್ಟೊತ್ತಿಗೆ ಕರಗಿ ಹುಳಿಯಾಗಿರ್ಬೇಕು. ಇಡಿಯಾಗೇ ಬಂತು ಅಂದ್ರೆ ಅದು ಬಹುಶಃ ಹೊಟ್ಟೆವರೆಗೂ ಹೋಗೇ ಇಲ್ಲ, ದಾರೀಲೇ ಎಲ್ಲೋ ಕೂತಿತ್ತು ಅಂತ ಅರ್ಥ.

ಹಾಗೆ ಕೂರೋ ಜಾಗಗಳಲ್ಲಿ ಒಂದು ಗಂಟಲ ಚೀಲ, ಡಾಕ್ಟ್ರುಗಳು ಫ್ಯಾರಿಂಜಿಯಲ್ ಪೌಚ್ ಅಂತಾರೆ, ರಿಪೋರ್ಟಲ್ಲಿ ಜೆಂಕರ್ಸ್ ಡೈವರ್ಟಿಕ್ಯುಲಮ್ ಅಂತಲೂ ಬರೀತಾರೆ. ಅಪರೂಪದ ಕಾಯಿಲೆ, ಬರೋದು ಹೆಚ್ಚಾಗಿ 60 ದಾಟಿದವ್ರಿಗೆ. ಅನ್ನನಾಳದ ಬಾಯಲ್ಲಿ ಒಂದು ಉಂಗುರದಂಥ ಸ್ನಾಯು ಇದೆ, ನುಂಗಿದಾಗ ಅದು ಸಡಿಲ ಆಗಿ ದಾರಿ ಬಿಡ್ಬೇಕು. ಅದು ಸರಿಯಾಗಿ ಬಿಡ್ದೇ ಹೋದ್ರೆ ಮೇಲೆ ಒತ್ತಡ ಜಾಸ್ತಿಯಾಗಿ, ಅದರ ಮೇಲ್ಗಡೆ ಹಿಂಬದೀಲಿ ಸ್ನಾಯು ತೆಳ್ಳಗಿರೋ ಜಾಗದಿಂದ ಒಳಪೊರೆ ಆಚೆ ಉಬ್ಬುತ್ತೆ, ಹರಿದ ಟೈರಿಂದ ಸೈಕಲ್ ಟ್ಯೂಬು ಉಬ್ಬಿ ಬರಲ್ವಾ ಹಂಗೆ. ವರ್ಷಗಳು ಕಳೀತಾ ಕಳೀತಾ ಅದು ದೊಡ್ಡದಾಗಿ ಊಟ ಹಿಡ್ಕೊಳ್ಳುತ್ತೆ. ಕೂತಿದ್ದ ಊಟ ಕೊಳೆತು ಬಾಯಿ ನಾರುತ್ತೆ, ನೀರು ಕುಡಿದ್ರೆ ಕತ್ತಲ್ಲಿ ಗುಳುಗುಳು ಅನ್ನುತ್ತೆ, ಬಗ್ಗಿದ್ರೆ ಮಲಗಿದ್ರೆ ವಾಪಸ್ ಬರುತ್ತೆ.

ನಾನು ಮೈಸೂರಲ್ಲಿ ಎಕ್ಸ್‌ರೇ ರೂಮಲ್ಲಿ ಕೆಲಸ ಮಾಡೋನು. ಇಂಥ ಪೇಷೆಂಟ್‌ಗಳು ನಮ್ಮ ಹತ್ರ ಬರೋಷ್ಟ್ರಲ್ಲಿ ರಾಶಿ ಗ್ಯಾಸ್ ಮಾತ್ರೆ, ಸಿರಪ್ಪು, ನೊರೆ ಬರೋ ಪುಡಿ ಎಲ್ಲ ತಗೊಂಡು ಮುಗಿಸಿರ್ತಾರೆ. ತಪ್ಪು ಮಾತ್ರೇದಲ್ಲ, ಹೇಳೋ ರೀತೀದು.

ಮೊದಲನೇದು, ಬರೆದಿಟ್ಕೊಳ್ಳೋದು. ಎಲ್ಲರೂ ಎಡವೋದು ಇಲ್ಲೇ, ಅದಕ್ಕೇ ಇದನ್ನ ಉದ್ದಕ್ಕೆ ಹೇಳ್ತೀನಿ. ಮದ್ದೂರು ಕಡೆಯ ಒಬ್ಬ ಯಜಮಾನ್ರು, 70 ದಾಟಿದೋರು, ಡಾಕ್ಟ್ರು ಏನು ಕೇಳಿದ್ರೂ "ಏನಿಲ್ಲ ಕಣಪ್ಪ, ವಸಿ ಗ್ಯಾಸು, ವಾಂತಿ ಬತ್ತದೆ" ಅಂತಿದ್ರು. ವಾಂತಿ ಅಂದ ತಕ್ಷಣ ಯಾವ ಡಾಕ್ಟ್ರಾದ್ರೂ ಹೊಟ್ಟೆ ಕಡೆಗೇ ಹೋಗ್ತಾರೆ. ಬಾಯಿ ವಾಸನೆಗೆ ಅಂತ ಹಲ್ಲು ಕ್ಲೀನ್ ಮಾಡಿಸಿದ್ದೂ ಆಗಿತ್ತು. ಕೊನೆಗೆ ಸೊಸೆ ಕ್ಯಾಲೆಂಡರ್ ಹಿಂದ್ಗಡೆ ಬರೆಯೋಕೆ ಶುರು ಮಾಡಿದ್ರು: ಬೆಳಗ್ಗೆ ಒಂಬತ್ತಕ್ಕೆ ಮುದ್ದೆ ಉಪ್ಸಾರು, ಮಧ್ಯಾಹ್ನ ಎರಡಕ್ಕೆ ಹುಲ್ಲು ಎತ್ತೋಕೆ ಬಗ್ಗಿದಾಗ ಅದೇ ಸೊಪ್ಪು ಬಾಯಿಗೆ ಬಂತು, ಹುಳಿ ಇಲ್ಲ, ಓಕರಿಕೆ ಇಲ್ಲ. ಇಎನ್‌ಟಿ ಡಾಕ್ಟ್ರು ಆ ಹಾಳೆ ಓದಿ ಅವತ್ತೇ ಬೇರಿಯಂ ಟೆಸ್ಟಿಗೆ ಚೀಟಿ ಬರೆದ್ರು.

ನೀವೂ ಒಂದು ವಾರ ಹಂಗೇ ಬರೀರಿ. ಏನು ತಿಂದಿದ್ದು ಯಾವಾಗ, ವಾಪಸ್ ಬಂದಿದ್ದು ಯಾವಾಗ, ಗುರುತು ಸಿಗೋ ಹಂಗಿತ್ತಾ. ಹುಳಿ ಕಹಿ ಇತ್ತಾ, ಎದೆ ಉರೀತಾ. ಹುಳಿ, ಉರಿ ಇದ್ರೆ ಅದು ಬಹುತೇಕ ಆಸಿಡ್ಡೇ, ಚೀಲದಿಂದ ಬಂದಿದ್ದು ಸಪ್ಪೆ ಇರುತ್ತೆ, ವಾಕರಿಕೆ ಇಲ್ದೆ ತಾನಾಗೇ ಬರುತ್ತೆ. ಆಮೇಲೆ ಊಟದ ಯಾವ ಹಂತದಲ್ಲಿ ಕಷ್ಟ ಅಂತ ನೋಡಿ. ಮೊದಲ ನಾಕು ತುತ್ತು ಸಲೀಸಾಗಿ ಇಳಿದು ಆಮೇಲೆ ಸಿಕ್ಕಾಕ್ಕೊಳ್ಳೋಕೆ ಶುರುವಾದ್ರೆ ಚೀಲ ತುಂಬ್ಕೊಂಡು ಅನ್ನನಾಳನ ಪಕ್ಕಕ್ಕೆ ಒತ್ತುತಾ ಇರ್ಬೋದು. ಗುಳುಗುಳು ಸದ್ದು ಕತ್ತಲ್ಲಾ ಎದೇಲಾ ಅನ್ನೋದೂ ಮುಖ್ಯ, ಇದರಲ್ಲಿ ಕತ್ತಲ್ಲೇ, ಹೆಚ್ಚಾಗಿ ಎಡಗಡೆ. ಎದೆ ನಡುವೆ ಸಿಕ್ಕಾಕ್ಕೊಂಡು ಇಡಿಯಾಗಿ ವಾಪಸ್ ಬರೋ ಬೇರೆ ಕಾಯಿಲೇನೂ ಇದೆ, ಅದನ್ನ ಬೇರ್ಪಡಿಸೋದು ಡಾಕ್ಟ್ರ ಕೆಲಸ, ನೀವು ಜಾಗ ತೋರ್ಸಿ ಸಾಕು. ರಾತ್ರಿ ಕೆಮ್ಮು, ಪದೇ ಪದೇ ನ್ಯುಮೋನಿಯಾ ಬಂದಿದ್ರೆ ಅದನ್ನ ಬೇರೆ ಕಾಯಿಲೆ ಅಂತ ಬಚ್ಚಿಡ್ಬೇಡಿ, ಚೀಲದ್ದು ಶ್ವಾಸನಾಳಕ್ಕೆ ಜಾರಿರ್ಬೋದು.

ಆದ್ರೆ ವಾರ ವಾರಕ್ಕೂ ನುಂಗೋದು ಕಷ್ಟ ಆಗ್ತಾ ಹೋದ್ರೆ, ತೂಕ ಇಳಿದ್ರೆ, ದನಿ ಒಡೆದ್ರೆ, ರಕ್ತ ಕಂಡ್ರೆ ಬರ್ಕೊಂಡು ಕೂರ್ಬೇಡಿ, ಕ್ಯಾನ್ಸರ್ ಅಲ್ಲ ಅಂತ ಮೊದ್ಲು ಖಾತ್ರಿ ಆಗ್ಲಿ, ನಾಳೇನೇ ಹೋಗಿ.

ಮೌತ್‌ವಾಶ್ ವಿಷಯ ಇಲ್ಲೇ ಹೇಳ್ಬಿಡ್ತೀನಿ, ದುಡ್ಡು ದಂಡ. ನಾರ್ತಿರೋದು ಹಲ್ಲಿಂದಲ್ಲ, ಆ ಔಷಧಿ ಚೀಲದೊಳಗೆ ಹೋಗಿ ತೊಳೆಯೋದೂ ಇಲ್ಲ.

ಎರಡನೇದು, ಹಾಳೆ ತಗೊಂಡು ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ.

ಮೂರನೇದು, ಬೇರಿಯಂ ನುಂಗೋ ಟೆಸ್ಟು. ಬಿಳೀ ಸುಣ್ಣದ ತಿಳಿ ಥರ ಇರೋದನ್ನ ಕುಡಿತಾ ಇರೋವಾಗ ಎಕ್ಸ್‌ರೇಲಿ ನೋಡ್ತೀವಿ. ಹಿಂದಿನ ರಾತ್ರಿ ಬರೀ ತೆಳು ಗಂಜಿ ಸಾಕು ಅಂತ ನಾನು ಹೇಳ್ತೀನಿ, ಚೀಲದಲ್ಲಿ ಮುದ್ದೆ ಚೂರು ಕೂತಿದ್ರೆ ಚಿತ್ರದಲ್ಲಿ ಗಡ್ಡೆ ಥರ ಕಂಡು ಎಲ್ಲರ ಎದೆ ಹೊಡ್ಕೊಳ್ಳುತ್ತೆ. ಎಷ್ಟೊತ್ತಿಂದ ಖಾಲಿ ಹೊಟ್ಟೆ ಇರ್ಬೇಕು ಅಂತ ಅಲ್ಲೇ ಹೇಳ್ತಾರೆ. ಕರಿಮಣಿ, ಚೈನು, ತಾಯ್ತ ಕತ್ತಲ್ಲಿ ಇರ್ಕೂಡ್ದು. ನೀರು ಕುಡಿದ್ರೂ ಕೆಮ್ಮು ಬರುತ್ತೆ ಅನ್ನೋರು ಮೊದ್ಲೇ ಹೇಳ್ಬೇಕು, ಬೇರಿಯಂ ಶ್ವಾಸಕೋಶಕ್ಕೆ ಹೋಗೋದು ಬೇಡ. ಗ್ಲಾಸ್ ಕೊಟ್ಟ ತಕ್ಷಣ ಗಟಗಟ ಕುಡಿಯೋದೇ ಎಲ್ಲರ ಚಾಳಿ. ಬಾಯಲ್ಲಿ ಹಿಡ್ಕೊಂಡಿರಿ, ನುಂಗಿ ಅಂದಾಗ ಒಂದೇ ಸಲಕ್ಕೆ ನುಂಗಿ, ಯಾಕಂದ್ರೆ ಗಂಟಲಲ್ಲಿ ಅದು ಕ್ಷಣದಲ್ಲಿ ದಾಟಿ ಹೋಗುತ್ತೆ. ಪಕ್ಕಕ್ಕೆ ತಿರುಗಿ ನಿಂತಾಗ ತೆಗೆದ ಚಿತ್ರದಲ್ಲೇ ಇದು ಚೆನ್ನಾಗಿ ಕಾಣೋದು. ಮದ್ದೂರಿನ ಯಜಮಾನ್ರ ಚಿತ್ರದಲ್ಲಿ ಅನ್ನನಾಳದ ಹಿಂದೆ ಬಿಳೀ ಚೀಲ ಜೋತಾಡ್ತಿತ್ತು, ಎಲ್ಲ ಬೇರಿಯಂ ಕೆಳಗೆ ಹೋದ್ಮೇಲೂ ಅಲ್ಲಿದ್ದಿದ್ದು ಅಲ್ಲೇ ನಿಂತಿತ್ತು. ಟೆಸ್ಟ್ ಆದ್ಮೇಲೆ ನೀರು ಚೆನ್ನಾಗಿ ಕುಡೀರಿ, ಒಂದೆರಡು ದಿನ ಕಕ್ಕಸು ಬೆಳ್ಳಗೆ ಹೋಗುತ್ತೆ, ಗಾಬರಿ ಬೇಡ.

ಕೆಲವರು ಡೈರೆಕ್ಟಾಗಿ ಎಂಡೋಸ್ಕೋಪಿ ಮಾಡಿಸ್ಬಿಡೋಣ, ಟೈಮ್ ಉಳಿಯುತ್ತೆ ಅಂತಾರೆ. ಚೀಲದ ಅನುಮಾನ ಇದ್ರೆ ಈ ಶಾರ್ಟ್‌ಕಟ್ ಬೇಡ್ವೇ ಬೇಡ. ಪೈಪು ಅನ್ನನಾಳ ಬಿಟ್ಟು ಚೀಲಕ್ಕೆ ನುಗ್ಗಿ ತೂತು ಬೀಳ್ಬೋದು. ಮಾಡ್ಲೇಬೇಕು ಅಂದ್ರೆ ಮಾಡೋರಿಗೆ ಮೊದ್ಲೇ ಹೇಳಿ. ಮೂಗಿಂದ ಹಾಕೋ ರೈಲ್ಸ್ ಟ್ಯೂಬಿಗೂ ಇದೇ ಮಾತು, ಬೇರೆ ಯಾವ್ದೋ ಕಾಯಿಲೆಗೆ ಅಡ್ಮಿಟ್ ಆದಾಗ್ಲೂ ನೆನಪಿರ್ಲಿ.

ನಾಕನೇದು, ಅಲ್ಲೀವರೆಗೂ ಊಟ. ನೆಟ್ಟಗೆ ಕೂತು ಸಣ್ಣ ಸಣ್ಣ ತುತ್ತು, ನಡುನಡುವೆ ಗುಟುಕು ನೀರು, ಉಂಡ ತಕ್ಷಣ ಮಲಗ್ಬೇಡಿ. ನಮ್ಮ ಕಡೆಯೋರಿಗೆ ಮುದ್ದೆ ಅಗಿಯೋಕೆ ಹೇಳಿದ್ರೆ ಕೋಪ ಬರುತ್ತೆ, ಹಂಗಾಗಿ ಅಂಬಲಿ ಮಾಡ್ಕೊಳ್ಳಿ. ಬಿಪಿ ಮಾತ್ರೆ ನುಂಗ್ತಾ ಇದ್ರೂ ಬಿಪಿ ಇಳೀತಿಲ್ಲ ಅಂದ್ರೆ ಮಾತ್ರೆ ಚೀಲದಲ್ಲೇ ಕೂತಿರ್ಬೋದು, ಡಾಕ್ಟ್ರನ್ನ ಕೇಳಿ. ನೀವಾಗೇ ಪುಡಿ ಮಾಡ್ಬೇಡಿ, ಕೆಲವು ಮಾತ್ರೆ ಪುಡಿ ಮಾಡೋ ಹಂಗಿಲ್ಲ. ಕತ್ತು ಒತ್ತಿ ಒತ್ತಿ ಚೀಲ ಖಾಲಿ ಮಾಡ್ಕೊಳ್ಳೋರೂ ಇದ್ದಾರೆ, ಅಲ್ಲೇ ಮೆದುಳಿಗೆ ಹೋಗೋ ದೊಡ್ಡ ರಕ್ತನಾಳ ಇದೆ, ಆ ಚಾಳಿ ಬಿಡಿ.

ಐದನೇದು, ಆಪರೇಷನ್. ಚೀಲ ಚಿಕ್ಕದಿದ್ದು ತೊಂದ್ರೆ ಕೊಡ್ತಿಲ್ಲ ಅಂದ್ರೆ ಏನೂ ಬೇಕಿಲ್ಲ. ಕೊಟ್ರೆ ಮಾತ್ರೆಗೆ ಹೋಗೋದಲ್ಲ. ಈಗ ಜಾಸ್ತಿ ಬಾಯಿಂದಲೇ ಉಪಕರಣ ಇಳಿಸಿ, ಚೀಲಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆ ಕತ್ತರಿಸ್ತಾರೆ, ಆ ಬಿಗಿ ಸ್ನಾಯುನೂ ಅದರಲ್ಲೇ ಕತ್ತರಿಸಿ ಹೋಗುತ್ತೆ. ಚೀಲ ಹಂಗೇ ಉಳಿದ್ರೂ ಅದರೊಳಗಿನದು ಅನ್ನನಾಳಕ್ಕೇ ಇಳೀತದೆ. ಕತ್ತು ಹಿಂದಕ್ಕೆ ಬಾಗದೋರಿಗೆ, ಬಾಯಿ ಅಗಲ ತೆರೆಯೋಕಾಗದೋರಿಗೆ ಕತ್ತಿನ ಪಕ್ಕದಿಂದ ಮಾಡ್ತಾರೆ. ಅರಿವಳಿಕೆ ಕೊಡೋ ಡಾಕ್ಟ್ರಿಗೆ ಚೀಲ ಇದೆ ಅಂತ ನೀವೇ ಇನ್ನೊಂದ್ಸಲ ಹೇಳಿ, ಉಪವಾಸ ಇದ್ರೂ ಅದು ಖಾಲಿ ಆಗಿರಲ್ಲ. ಆಮೇಲೆ ಜ್ವರ, ಎದೆ ಇಲ್ಲ ಬೆನ್ನಲ್ಲಿ ಜೋರು ನೋವು, ಕತ್ತಿನ ಚರ್ಮ ಉಬ್ಬಿ ಮುಟ್ಟಿದ್ರೆ ಚರಚರ ಅನ್ನೋದು ಕಂಡ್ರೆ ರಾತ್ರಿ ಎಷ್ಟೊತ್ತಾಗಿದ್ರೂ ಆಸ್ಪತ್ರೆಗೆ ಹೋಗಿ. ವರ್ಷಗಳಾದ್ಮೇಲೆ ಕೆಲವರಿಗೆ ಮತ್ತೆ ಬರುತ್ತೆ, ಗುಳುಗುಳು ಶುರುವಾದ್ರೆ ಹಳೇ ಎಕ್ಸ್‌ರೇ ಫಿಲ್ಮ್ ಜೊತೇಲೇ ತಗೊಂಡು ಬನ್ನಿ.