ಬಿಲ್ ಪೂರ್ತಿ ಕಟ್ಟಿದ್ರೂ ಸ್ಕೋರ್ ಯಾಕ್ ಬಿತ್ತು?

ಈ ಸಲ ರಜಕ್ಕೆ ಬಳ್ಳಾರಿಗೆ ಬಂದಾಗ ಅಕ್ಕನ ಮಗ ಒಗ್ಗರಣಿ ಮಂಡಕ್ಕಿ ತಿನ್ಕೊಂತ ಕೇಳ್ದ, ಮಾಮ, ಬರೋ ತಿಂಗ್ಳು ನಾನೂ ಅಮೆರಿಕಾಕ್ಕೆ ಹೊಂಟೀನಿ, ನಂದು ಸಿಬಿಲ್ ಸ್ಕೋರ್ 790 ಐತಿ, ಅಲ್ಲಿ ಕಾರ್ ಲೋನಿಗೆ ತೊಂದ್ರಿ ಆಗಲ್ಲಲ್ಲಾ ಅಂತ. ನಂಗ ನಗು ಬಂತು, ಯಾಕಂದ್ರ ನಾನೂ ಇದೇ ಭ್ರಮೆ ಇಟ್ಕೊಂಡೇ ವಿಮಾನ ಹತ್ತಿದ್ದೆ. ಕೌಲ್ ಬಜಾರದಾಗ ಅಂಗಡಿಯವ್ರು ನಮ್ಮಪ್ಪನ ಮುಖ ನೋಡಿ ಉದ್ದರಿ ಕೊಡ್ತಾರ, ಅದೇ ಅಪ್ಪ ರಾಯಚೂರಿಗೆ ಹೋಗಿ ಗುರುತಿಲ್ಲದ ಅಂಗಡ್ಯಾಗ ಕೇಳಿದ್ರ ಯಾರ್ ಕೊಡ್ತಾರ? ಸಿಬಿಲ್ ಕಥಿನೂ ಅಷ್ಟೇ. ಅಲ್ಲಿ ಸಾಲದ ಲೆಕ್ಕ ಇಡೋ ಬ್ಯೂರೋಗಳು ಬೇರೆ ಮೂರು, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಅವುಗಳ ಹತ್ರ ನಮ್ಮ ಹೆಸರಿನ ಹಾಳಿನೇ ಇರಲ್ಲ.

ನಾನು ಅಮೆರಿಕಾಕ್ಕೆ ಹೋದ ತಿಂಗ್ಳೇ ಅಲ್ಲಿನ ಒಂದು ಬ್ಯಾಂಕಿಗೆ ಮಾಮೂಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕ್ದೆ. ಹತ್ತು ದಿನಕ್ಕ ಪೋಸ್ಟಿನಾಗ ಪತ್ರ ಬಂತು, ಸಾಲದ ಇತಿಹಾಸ ಸಾಲದು, ಕಾರ್ಡ್ ಇಲ್ಲ ಅಂತ. ಸಂಬಳ ಚಲೋ ಐತಿ ಅಲ್ಲಾ ಅಂತ ಸಿಟ್ಟು ಬಂತು, ಆದ್ರ ಸಂಬಳ ಸ್ಕೋರಿನಾಗ ಲೆಕ್ಕಕ್ಕೇ ಬರಲ್ಲ ಅಂತ ಆಮ್ಯಾಲ ತಿಳೀತು. ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದ್ರೂ ಬರಲ್ಲ, ಅದು ನಮ್ಮ ದುಡ್ಡೇ, ಸಾಲ ಅಲ್ಲ.

ಆಮ್ಯಾಲ ಸೆಪ್ಟೆಂಬರ್‌ದಾಗ ಸೆಕ್ಯೂರ್ಡ್ ಕಾರ್ಡ್ ತಗೊಂಡೆ. ನಾವೇ 500 ಡಾಲರ್ ಡಿಪಾಸಿಟ್ ಇಡಬೇಕು, ಅವ್ರು 500 ಡಾಲರ್ ಲಿಮಿಟ್ ಕೊಡ್ತಾರ. ಡಿಪಾಸಿಟ್ ಐತಲ್ಲ, ಬಿಲ್ ಅದ್ರಾಗೇ ಕಳೀತಾರ ಅನ್ಕೋಬ್ಯಾಡ್ರಿ, ಅದು ಬರೀ ಒತ್ತೆ, ಬಿಲ್ ಪ್ರತಿ ತಿಂಗ್ಳು ಬೇರೆನೇ ಕಟ್ಟಬೇಕು. ತಗೋಳ್ಳೋಕ್ ಮುಂಚೆ ಮೂರೂ ಬ್ಯೂರೋಗೆ ವರದಿ ಮಾಡ್ತೀರಾ ಅಂತ ಕೇಳ್ದೆ, ಮಾಡದ ಕಾರ್ಡ್ ಇಟ್ಕೊಂಡ್ರ ಈ ಕೆಲ್ಸಕ್ಕ ಉಪಯೋಗ ಇಲ್ಲ.

ಈಗ ನಾನು ಎಡವಿದ ಜಾಗ. ದಿನಸಿ, ಪೆಟ್ರೋಲು, ಫೋನ್ ಬಿಲ್ಲು ಎಲ್ಲಾ ಆ ಕಾರ್ಡಿಗೇ ಹಾಕ್ತಿದ್ದೆ, ಡ್ಯೂ ಡೇಟಿಗೆ ಪೈಸಾ ಬಿಡದಂಗ ಕಟ್ತಿದ್ದೆ, ಆದ್ರೂ ನವೆಂಬರ್‌ದಾಗ ಆ್ಯಪಿನಾಗಿನ ಸ್ಕೋರ್ ನಲವತ್ತು ಪಾಯಿಂಟ್ ಇಳೀತು. ಎರಡು ದಿನ ತಲಿ ಕೆಟ್ಟೋಯ್ತು. ಸ್ಟೇಟ್‌ಮೆಂಟ್ ಮುಂದಿಟ್ಕೊಂಡು ಕೂತಾಗ ಗೊತ್ತಾತು: ನನ್ನ ಸ್ಟೇಟ್‌ಮೆಂಟ್ ಬರೋದು 14ಕ್ಕ, ಡ್ಯೂ ಡೇಟ್ ಮುಂದಿನ ತಿಂಗ್ಳು 9ಕ್ಕ. ಬ್ಯಾಂಕು ಬ್ಯೂರೋಗೆ ಕಳ್ಸೋದು 14ರ ಬಾಕಿನ, ನಾನು 9ಕ್ಕ ಪೂರ್ತಿ ಕಟ್ಟೀನಿ ಅನ್ನೋದು ಆ ಅಂಕಿಯಾಗ ಕಾಣಲ್ಲ. ಆವತ್ತು ಬಾಕಿ 430 ಇತ್ತು. 500ರಾಗ 430 ಅಂದ್ರ 86 ಪರ್ಸೆಂಟ್, ಇವ್ನು ಕಂಠಮಟ್ಟ ಸಾಲದಾಗ ಅದಾನ ಅಂತ ಅವ್ರ ಲೆಕ್ಕ. ಲಿಮಿಟ್ ಐದು ಸಾವಿರ ಇದ್ದಿದ್ರ ಅದೇ ಖರ್ಚು 9 ಪರ್ಸೆಂಟೂ ದಾಟ್ತಿರಲಿಲ್ಲ, ಸಣ್ಣ ಕಾರ್ಡಿನವ್ರಿಗೇ ಈ ಫಜೀತಿ.

ಡಿಸೆಂಬರ್‌ದಾಗ 10ನೇ ತಾರೀಖಿಗೇ 405 ಡಾಲರ್ ಕಟ್ಟಿಬಿಟ್ಟೆ, ನಾಲ್ಕು ದಿನ ಮುಂಚೆ ಯಾಕಂದ್ರ ಕಟ್ಟಿದ್ದು ಖಾತಿಗೆ ಬೀಳಾಕ ಒಂದೆರಡು ದಿನ ಹಿಡಿತೈತಿ. 14ಕ್ಕ 25 ಡಾಲರ್ ಉಳ್ದಿತ್ತು, 5 ಪರ್ಸೆಂಟ್, ಅದು ಡ್ಯೂ ಡೇಟಿಗೆ ಆಟೋ ಪೇನಾಗ ಹೋತು. ಮುಂದಿನ ವರದಿಗೆ ಇಳ್ದಿದ್ದೆಲ್ಲಾ ವಾಪಸ್ ಬಂತು. ಬಹಳಷ್ಟು ಸ್ಕೋರ್ ಮಾದರಿಗಳು ಹಳೇ ತಿಂಗ್ಳ ಬಾಕಿ ನೆನಪಿಡಲ್ಲ, ಇತ್ತೀಚಿನದಷ್ಟೇ ನೋಡ್ತಾವ, ಹೊಸಾವು ಕೆಲವು ಹಿಂದಿನದೂ ನೋಡ್ತಾವ. ಹಂಗಾಗಿ ಪ್ರತಿ ತಿಂಗ್ಳು ಈ ಸರ್ಕಸ್ ಬೇಕಿಲ್ಲ, ಲೋನಿಗೆ ಅರ್ಜಿ ಹಾಕೋ ಮುಂಚಿನ ಒಂದೆರಡು ತಿಂಗ್ಳು ಮಾಡಿದ್ರ ಸಾಕು. 30 ದಿನ ದಾಟಿ ತಡ ಮಾಡಿದ್ದು ಮಾತ್ರ ಏಳು ವರ್ಷ ರಿಪೋರ್ಟಿನಾಗ ಕೂತಿರ್ತೈತಿ, ಅದಕ್ಕ ಆಟೋ ಪೇ ಹಾಕ್ದೆ ಇರಬ್ಯಾಡ್ರಿ.

ಇನ್ನೊಂದು, ಆ್ಯಪಿನಾಗ ನಾನು ನೋಡ್ತಿದ್ದುದು ವ್ಯಾಂಟೇಜ್‌ಸ್ಕೋರ್, ಅದು ಬೇಗ ಹುಟ್ತೈತಿ. ಸಾಲ ಕೊಡೋವ್ರು ಬಹಳಷ್ಟು ಮಂದಿ ಕೇಳೋ ಫೈಕೋ ಸ್ಕೋರ್ ಖಾತಿ ತೆರೆದು ಆರು ತಿಂಗ್ಳು ಆದ್ಮ್ಯಾಲೇ ಬರ್ತೈತಿ, ನಂಗ ಮಾರ್ಚ್‌ದಾಗ ಬಂತು. ಅಲ್ಲೀತನ ಕಾರ್ ಲೋನ್ ಕೇಳಬ್ಯಾಡ ಅಂತ ಅಳಿಯಗ ಹೇಳೀನಿ. ರಿಪೋರ್ಟ್ ಪುಕ್ಕಟೆ ನೋಡಾಕ annualcreditreport.com ಐತಿ. ನಂದು ತೆಗೆದು ನೋಡಿದ್ರ ಹೆಸರು ಒಂದ್ಕಡೆ ಅಪ್ಪನ ಹೆಸರು ಮುಂದ, ಇನ್ನೊಂದ್ಕಡೆ ಇನಿಷಿಯಲ್ ಹಿಂದ, ನಮ್ಮ ಕಡೆ ಹೆಸರಿನ ಹಣೆಬರಹ ಗೊತ್ತಲ್ಲ. ಅಲ್ಲಿನ ಸರ್ಕಾರ ಕೊಡೋ ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಾಗ ಇದ್ದಂಗೇ ಎಲ್ಲಾ ಕಡೆ ಬರೀರಿ, ಇಲ್ಲಾಂದ್ರ ಒಬ್ಬನೇ ಮನುಷ್ಯ ಎರಡು ಫೈಲ್ ಆಗೋ ಅಪಾಯ ಐತಿ.

ಹತ್ತನೇ ತಿಂಗ್ಳಿಗೆ ಬ್ಯಾಂಕೇ 500 ಡಾಲರ್ ವಾಪಸ್ ಕೊಟ್ಟು ಕಾರ್ಡನ್ನ ಮಾಮೂಲಿ ಮಾಡ್ತು. ಈಗ ದೊಡ್ಡ ಲಿಮಿಟ್ ಇರೋ ಇನ್ನೊಂದು ಐತಿ, ಆದ್ರೂ ಹಳೇದನ್ನ ಬಂದ್ ಮಾಡಿಲ್ಲ, ತಿಂಗ್ಳಿಗೊಮ್ಮೆ ಒಂದು ಕಾಫಿಗೆ ಉಜ್ಜಿ ಇಟ್ಟೀನಿ.